ಒಂದು ಸ್ಟಾರ್ ಕೊಟ್ಟ ಗಿರಾಕಿಗೆ ಏನಂತ ಉತ್ತರ ಬರೆಯಬೇಕು?

ನಮ್ಮೂರ ಸಂತೆ ಬೀದಿಯಲ್ಲಿ ಒಂದು ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಕಳೆದ ಬೇಸಿಗೆಯಲ್ಲಿ ರೈತರೊಬ್ಬರು ಗೂಗಲ್ ಮ್ಯಾಪ್‌ನಲ್ಲಿ ಅದಕ್ಕೆ ಒಂದೇ ಸ್ಟಾರ್ ಕೊಟ್ಟು ಹೀಗೆ ಬರೆದರು: "5 ಎಚ್‌ಪಿ ಬೋರ್ ಮೋಟಾರಿಗೆ ವೈಂಡಿಂಗ್ ಮಾಡಿಸಿದೆ. ಎಂಟೇ ದಿನಕ್ಕೆ ಸುಟ್ಟುಹೋಯಿತು. ದುಡ್ಡು ದಂಡ."

ಅಂಗಡಿಯವರು ಸಿಟ್ಟಿನಲ್ಲಿ ಉತ್ತರ ಟೈಪ್ ಮಾಡಿ, ಕಳಿಸುವ ಮುಂಚೆ ನಮಗೆ ತೋರಿಸಿದರು: "ನಿಮ್ಮೂರ ಲೈನೇ ಸರಿ ಇಲ್ಲ. ಮೊದಲು ಬಾಕಿ ₹800 ಕೊಡಿ." ಬೇಡ ಅಂದೆವು. ಗಿರಾಕಿಯ ಬಾಕಿಯನ್ನು ಊರಿಗೆಲ್ಲ ಸಾರುವುದು ತಪ್ಪು. ಅದಕ್ಕಿಂತ ಮುಖ್ಯವಾಗಿ, ತಪ್ಪು ಯಾರದೆಂದು ಅವರಿಗೇ ಇನ್ನೂ ಗೊತ್ತಿರಲಿಲ್ಲ. ಮೋಟಾರ್ ಬಿಚ್ಚಿದರೆ ತಾನೇ ಗೊತ್ತಾಗುವುದು? ಕೆಲವು ಫೇಸ್‌ನ ಕಾಯಿಲ್ ಪೂರ್ತಿ ಕಪ್ಪಾಗಿ, ಉಳಿದದ್ದು ಚೆನ್ನಾಗಿದ್ದರೆ ಕರೆಂಟಿನ ಒಂದು ಫೇಸ್ ಹೋಗಿರುತ್ತದೆ. ಮೂರೂ ಒಂದೇ ಸಮ ಸುಟ್ಟಿದ್ದರೆ ಲೋಡ್ ಜಾಸ್ತಿ ಅಥವಾ ವೋಲ್ಟೇಜ್ ಕಡಿಮೆ. ಒಂದೇ ಜಾಗದಲ್ಲಿ ಸುಟ್ಟಿದ್ದರೆ ಮೊದಲ ಅನುಮಾನ ವೈಂಡಿಂಗ್ ಮೇಲೆಯೇ. ಇದನ್ನು ಫೋನಿನಲ್ಲಿ ಜಗಳವಾಡಿ ತೀರ್ಮಾನಿಸಲು ಆಗದು.

ಕೊನೆಗೆ ಹೋದ ಉತ್ತರ ಇದು: "ಅಣ್ಣಾ, ಎಂಟು ದಿನಕ್ಕೆ ಸುಟ್ಟಿದ್ದು ಕೇಳಿ ಬೇಜಾರಾಯಿತು. ಬೆಳೆ ನೀರಿಲ್ಲದೆ ನಿಂತಿರುತ್ತೆ ಅಂತ ಗೊತ್ತು. ಮೋಟಾರ್ ತನ್ನಿ, ನಿಮ್ಮೆದುರೇ ಬಿಚ್ಚಿ ನೋಡೋಣ. ನಮ್ಮ ತಪ್ಪಿದ್ದರೆ ದುಡ್ಡಿಲ್ಲದೆ ಮತ್ತೆ ಕಟ್ಟಿಕೊಡುತ್ತೇವೆ. ಅಂಗಡಿ ನಂಬರಿಗೆ ಒಂದು ಫೋನ್ ಮಾಡಿ." ಕಷ್ಟ ಒಪ್ಪಿಕೊಂಡದ್ದು, ಕೊಟ್ಟ ಮಾತು ಎರಡೂ ಎಲ್ಲರಿಗೂ ಕಾಣುವಂತಿತ್ತು. ಬಿಲ್ಲು, ಬಾಕಿ, ವಾದ ಮಾತ್ರ ಅಂಗಡಿಯೊಳಗೆ. ಬರೀ "ಫೋನ್ ಮಾಡಿ" ಅಂತ ಬರೆದಿದ್ದರೆ, ಓದುವವರಿಗೆ ಬಾಯಿ ಮುಚ್ಚಿಸುವ ಉಪಾಯದಂತೆ ಕಾಣುತ್ತಿತ್ತು.

ಮೂರನೇ ದಿನ ಆ ರೈತರು ಬಂದರು. ಬಿಚ್ಚಿದರೆ, ಕಾಯಿಲ್ ಸುಟ್ಟಿದ್ದು ಒಂದೇ ಕಡೆ, ಜಾಯಿಂಟ್ ಹತ್ತಿರ. ತಪ್ಪು ಅಂಗಡಿಯದೇ. ಸಿಟ್ಟಿನಲ್ಲಿ ಬರೆದ ಆ ಉತ್ತರ ಹೋಗಿದ್ದರೆ ಮುಖ ಎಲ್ಲಿಡುತ್ತಿದ್ದರು?

ಮತ್ತೆ ಕಟ್ಟಿಕೊಟ್ಟರು. ಆಗ ಅವರ ಬಾಯಿಗೆ ಬಂದ ಮಾತು: "ಆ ರಿವ್ಯೂ ತೆಗೆದುಬಿಡಿ ಅಂತ ಕೇಳಲಾ?" ಅದಕ್ಕೂ ಬೇಡ ಅಂದೆವು. ರಿವ್ಯೂ ತೆಗೆದರೆ ರಿಯಾಯಿತಿ ಎನ್ನುವುದು ಗೂಗಲ್ ನಿಯಮಕ್ಕೇ ವಿರುದ್ಧ. ರಿಪೇರಿ ಮಾಡಿಕೊಡುವುದು ಸಾಲ ತೀರಿಸಿದಂತೆ, ಅದಕ್ಕೆ ಷರತ್ತು ಹಾಕುವುದು ನ್ಯಾಯವಲ್ಲ. ಬದಲಿಗೆ ಅಂಗಡಿಯವರು ತಮ್ಮ ಉತ್ತರವನ್ನೇ ತಿದ್ದಿ ಒಂದು ಸಾಲು ಸೇರಿಸಿದರು: "ಬಿಚ್ಚಿ ನೋಡಿದೆವು, ನಮ್ಮದೇ ತಪ್ಪು, ಸರಿಮಾಡಿ ಕೊಟ್ಟಿದ್ದೇವೆ."

ವಾರದ ನಂತರ ರೈತರು ಯಾರೂ ಕೇಳದೆ ಒಂದು ಸ್ಟಾರನ್ನು ಮೂರು ಮಾಡಿದರು. ಐದು ಕೊಡಲಿಲ್ಲ. ಒಣಗಿದ ಬೆಳೆಯ ಲೆಕ್ಕ ಅವರದು. ಅದೂ ಸರಿಯೇ ಅನ್ನುತ್ತೇವೆ ನಾವು.