ಮೂರು ದಿನದ ಗಡುವನ್ನು ಮೇಲಿನ ಸಾಲಿಗೆ ತನ್ನಿ

ಮುಂಗಾರು ಬರುವ ಹೊತ್ತಿಗೆ ಪ್ರತಿ ವರ್ಷ ಒಂದು ಪ್ರಕಟಣೆ ಪಂಚಾಯಿತಿ ಬೋರ್ಡಿಗೆ, ಸೊಸೈಟಿ ಗೋಡೆಗೆ, ಊರಿನ ವಾಟ್ಸಾಪ್ ಗುಂಪಿಗೆ ಬಂದು ಬೀಳುತ್ತದೆ. ಮೇಲೆ ‘ಕರ್ನಾಟಕ ರೈತ ಸುರಕ್ಷಾ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ’ ಎಂದಿರುತ್ತದೆ. ರೈತರ ಬಾಯಲ್ಲಿ ಅದು ಬರೀ ಬೆಳೆ ವಿಮೆ. 2016ರಲ್ಲಿ ಶುರುವಾದ ಯೋಜನೆ ಇದು. ಇಷ್ಟು ವರ್ಷವಾದರೂ ಆ ಪ್ರಕಟಣೆಯನ್ನು ಓದಿ ಮುಗಿಸಿದ ರೈತನಿಗೆ, ನಾಳೆ ಬೆಳಿಗ್ಗೆ ತಾನು ಎಲ್ಲಿಗೆ ಹೋಗಬೇಕು, ಎಷ್ಟು ಕಟ್ಟಬೇಕು, ಯಾವ ನಷ್ಟಕ್ಕೆ ದುಡ್ಡು ಬರುತ್ತದೆ, ಯಾವುದಕ್ಕೆ ಬರುವುದಿಲ್ಲ ಎಂಬುದು ಗೊತ್ತಾಗುವುದಿಲ್ಲ.

ಕೃಷಿ ಅಧಿಕಾರಿಗಳೇ, ಪಿಡಿಒಗಳೇ, ಸೊಸೈಟಿ ಕಾರ್ಯದರ್ಶಿಗಳೇ, ತಾಲ್ಲೂಕಿನಿಂದ ಪತ್ರಿಕೆಗೆ ಸುದ್ದಿ ಕಳಿಸುವ ಗೆಳೆಯರೇ, ಬಂದ ಪಿಡಿಎಫ್ಅನ್ನು ಹಾಗೇ ಮುಂದಕ್ಕೆ ದಾಟಿಸುವ ಓದಿದ ಹುಡುಗರೇ, ನಾನು ಕೇಳುತ್ತಿರುವುದು ನಿಮ್ಮನ್ನೇ. ಆ ಕಾಗದವನ್ನು ದಾಟಿಸುವ ಮೊದಲು ಒಂದು ಗಂಟೆ ಕೂತು ತಿರುಗಿ ಬರೆಯಿರಿ. ಅಕ್ಷರ ಕೂಡಿಸಿ ಓದುವ ಹೆಂಗಸರೂ, ಮೊದಲ ಸಲ ವಿಮೆಯ ಹೆಸರು ಕೇಳುತ್ತಿರುವ ಗೇಣಿದಾರರೂ ಓದಬಲ್ಲಂತೆ ಬರೆಯಿರಿ.

ಇಂಥ ಪ್ರಕಟಣೆಯ ನಡುಮಧ್ಯೆ ಎಲ್ಲೋ ಹೀಗೊಂದು ವಾಕ್ಯ ಇರುತ್ತದೆ: “ಸ್ಥಳ ನಿರ್ದಿಷ್ಟ ಪ್ರಕೃತಿ ವಿಕೋಪಗಳಿಂದ ವಿಮೆಗೊಳಪಟ್ಟ ಬೆಳೆಯು ನಷ್ಟಕ್ಕೀಡಾದಲ್ಲಿ, ಸದರಿ ರೈತರು ನಷ್ಟದ ವ್ಯಾಪ್ತಿ ಹಾಗೂ ಕಾರಣಗಳ ವಿವರಗಳೊಂದಿಗೆ 72 ಗಂಟೆಯೊಳಗಾಗಿ ಸಂಬಂಧಪಟ್ಟ ಸಂಸ್ಥೆಗೆ ತಿಳಿಸತಕ್ಕದ್ದು.” ಒಬ್ಬ ರೈತನ ವರ್ಷದ ದುಡಿಮೆ ಈ ವಾಕ್ಯದ ಮೇಲೆ ನಿಂತಿದೆ. ಆಲಿಕಲ್ಲು ಬಿದ್ದ ಮೇಲೆ ಒಂದು ವಾರ ಬಿಟ್ಟು ಕೃಷಿ ಇಲಾಖೆಗೆ ಹೋದವನಿಗೆ ಸಿಗುವ ಉತ್ತರ ‘ಅವಧಿ ಮುಗಿದಿದೆ’ ಎಂಬುದು. ಅವನ ತಪ್ಪೇನು? ಗಡುವನ್ನು ಅಡಗಿಸಿಟ್ಟವರು ನಾವು. ಅದನ್ನು ಹೀಗೆ ಬರೆಯಬಹುದಿತ್ತು:

“ಆಲಿಕಲ್ಲು ಬಿದ್ದು ನಿಮ್ಮ ಹೊಲದ ಬೆಳೆ ಹಾಳಾಯಿತೇ? ಮೂರು ದಿನದೊಳಗೆ 14447ಕ್ಕೆ ಫೋನ್ ಮಾಡಿ. ಸೋಮವಾರ ಸಂಜೆ ಬಿದ್ದರೆ ಗುರುವಾರ ಸಂಜೆಯೊಳಗೆ ಹೇಳಿರಬೇಕು. ಭಾನುವಾರ, ಹಬ್ಬ ಎಂದು ಕಾಯಬೇಡಿ. ಸರ್ವೆ ನಂಬರ್, ಬೆಳೆ, ಎಷ್ಟು ಎಕರೆ ಹಾಳಾಯಿತು, ಯಾವತ್ತು, ಯಾವುದರಿಂದ ಎಂದು ತಿಳಿಸಿ. ಅವರು ಕೊಡುವ ದೂರಿನ ನಂಬರನ್ನು ಬರೆದಿಟ್ಟುಕೊಳ್ಳಿ.”

ಈ ಮಾತು ಕಾಗದದ ಮೇಲ್ಭಾಗದಲ್ಲೇ ಇರಬೇಕು. ಸರ್ಕಾರಿ ಆದೇಶದ ಸಂಖ್ಯೆ, ಉಲ್ಲೇಖ, ವಿಮಾ ಕಂಪನಿಯ ಪೂರ್ತಿ ಹೆಸರು ಎಲ್ಲವೂ ಕೆಳಗೆ ಹೋಗಲಿ. ಅವು ಕಡತಕ್ಕೆ ಬೇಕು, ಹೊಲಕ್ಕೆ ಬೇಡ.

ಇನ್ನು ದುಡ್ಡಿನ ಲೆಕ್ಕ. ಪ್ರಕಟಣೆ ಹೆಕ್ಟೇರಿನಲ್ಲಿ ಮಾತಾಡುತ್ತದೆ, ರೈತ ಎಕರೆ ಗುಂಟೆಯಲ್ಲಿ ಬದುಕುತ್ತಾನೆ. ‘ಹೆಕ್ಟೇರಿಗೆ ವಿಮಾ ಮೊತ್ತ ರೂ. 50,000, ರೈತರ ವಂತಿಕೆ ಶೇ. 2’ ಎಂದಿದೆ ಎಂದುಕೊಳ್ಳಿ. ಒಂದು ಹೆಕ್ಟೇರ್ ಎಂದರೆ ಹತ್ತಿರ ಹತ್ತಿರ ಎರಡೂವರೆ ಎಕರೆ. ಹಾಗಾಗಿ ಎಕರೆಗೆ ವಿಮೆ ಸುಮಾರು 20,000 ರೂಪಾಯಿ, ರೈತ ಕಟ್ಟುವುದು ಸುಮಾರು 400 ರೂಪಾಯಿ, ಗುಂಟೆಗೆ ಹತ್ತು. ಈ ಭಾಗಾಕಾರವನ್ನು ಪ್ರತಿ ಮನೆಯಲ್ಲೂ ಒಬ್ಬೊಬ್ಬರೇ ಮಾಡಿಕೊಳ್ಳಲಿ ಎಂದು ಬಿಡುವುದು ಅನ್ಯಾಯ. ನೀವು ಒಂದು ಸಲ ಮಾಡಿದರೆ ಸಾಕು. ಮುಂಗಾರಿನ ಆಹಾರ ಬೆಳೆಗೂ ಎಣ್ಣೆಕಾಳಿಗೂ ನೂರಕ್ಕೆ ಎರಡು, ಹಿಂಗಾರಿಗೆ ಒಂದೂವರೆ, ವಾಣಿಜ್ಯ ಬೆಳೆಗೆ ಐದು ರೂಪಾಯಿ. ಊರಲ್ಲಿ ಯಾವ ಬೆಳೆ ಇದೆಯೋ ಅದರ ಲೆಕ್ಕವನ್ನಷ್ಟೇ ಕೊಡಿ. ರಾಗಿ ಬೆಳೆಯುವ ಊರಿಗೆ ಹತ್ತಿಯ ಸಾಲು ಯಾಕೆ?

ಸರಳ ಮಾಡುವ ಉತ್ಸಾಹದಲ್ಲಿ ಎಲ್ಲರೂ ಎಡವುವ ಜಾಗ ಮುಂದಿದೆ. ‘ಬೆಳೆ ಹಾಳಾದರೆ ಪರಿಹಾರ ಸಿಗುತ್ತದೆ’ ಎಂದು ಬರೆದುಬಿಡುತ್ತಾರೆ. ವಾಕ್ಯ ಸಲೀಸಾಗಿದೆ, ಆದರೆ ಸುಳ್ಳು. ಆಲಿಕಲ್ಲಿನಂಥ ಕೆಲವೇ ಅನಾಹುತಗಳಲ್ಲಿ ಒಬ್ಬೊಬ್ಬರ ಹೊಲ ನೋಡುತ್ತಾರೆ. ಮಳೆ ಕೈಕೊಟ್ಟು ಇಳುವರಿ ಬಿದ್ದಾಗ ನೋಡುವುದು ಇಡೀ ಪಂಚಾಯಿತಿಯನ್ನು ಅಥವಾ ಹೋಬಳಿಯನ್ನು. ಆರಿಸಿದ ಕೆಲವು ಹೊಲಗಳಲ್ಲಿ ಗುರುತು ಹಾಕಿದ ಜಾಗದ ಬೆಳೆ ಕೊಯ್ದು ತೂಗಿ ಸರಾಸರಿ ತೆಗೆಯುತ್ತಾರೆ. ಹಿಂದಿನ ಏಳು ವರ್ಷಗಳಲ್ಲಿ ಚೆನ್ನಾಗಿ ಬಂದ ಐದು ವರ್ಷಗಳ ಸರಾಸರಿಯಿಂದ ‘ಪ್ರಾರಂಭಿಕ ಇಳುವರಿ’ ಎಂಬ ಒಂದು ಗೆರೆ ಎಳೆದಿರುತ್ತಾರೆ. ಈ ವರ್ಷದ್ದು ಆ ಗೆರೆಗಿಂತ ಕೆಳಗಿದ್ದರಷ್ಟೇ ದುಡ್ಡು.

ಇದನ್ನೂ ಸುಲಭವಾಗಿ ಹೇಳಬಹುದು: “ಗೆರೆ ಎಕರೆಗೆ 10 ಕ್ವಿಂಟಲ್ ಇದೆ ಎಂದುಕೊಳ್ಳಿ. ಈ ಸಲ ಪಂಚಾಯಿತಿಯ ಸರಾಸರಿ 6 ಕ್ವಿಂಟಲ್ ಬಂದರೆ ಕಮ್ಮಿಯಾದದ್ದು ಹತ್ತಕ್ಕೆ ನಾಲ್ಕು. ಎಕರೆಗೆ 20,000ದ ವಿಮೆಯಲ್ಲಿ 8,000 ರೂಪಾಯಿ, ವಿಮೆ ಮಾಡಿಸಿದ ಎಲ್ಲರಿಗೂ ಬರುತ್ತದೆ. ಸರಾಸರಿ 10 ಬಂದು, ನಿಮ್ಮ ಹೊಲದಲ್ಲಿ ಮಾತ್ರ ಮಳೆ ಸಾಲದೆ 2 ಬಂದರೆ ದುಡ್ಡು ಬರುವುದಿಲ್ಲ.” ಕೊನೆಯ ವಾಕ್ಯ ಬರೆಯಲು ಕೈ ಹಿಂಜರಿಯುತ್ತದೆ. ಓದಿದವರು ಹಿಂದೆ ಸರಿದಾರು ಎಂದು ಭಯವಾಗುತ್ತದೆ. ಆದರೂ ಬರೆಯಲೇಬೇಕು. ಮೊದಲೇ ಗೊತ್ತಿದ್ದು ಕಟ್ಟಿದವನು ಲೆಕ್ಕ ಹಾಕಿ ಕಟ್ಟಿರುತ್ತಾನೆ. ಗೊತ್ತಿಲ್ಲದೆ ಕಟ್ಟಿದವನು ಮೋಸ ಹೋದೆ ಎಂದೇ ತಿಳಿಯುತ್ತಾನೆ, ಮುಂದಿನ ವರ್ಷ ಬೆಳೆ ವಿಮೆಯ ಹತ್ತಿರವೂ ಸುಳಿಯುವುದಿಲ್ಲ.

ಬೆಳೆ ಸಾಲ ತೆಗೆದವರಿಗೆ ಬೇರೆಯದೇ ಒಂದು ಮಾತು ಹೇಳಬೇಕು. 2020ರ ಮುಂಗಾರಿನಿಂದ ವಿಮೆ ಅವರಿಗೆ ಕಡ್ಡಾಯವಲ್ಲ. ಆದರೆ ಬೇಡವೆಂದರೆ ಕೊನೆಯ ದಿನಕ್ಕಿಂತ ಏಳು ದಿನ ಮೊದಲೇ ಬ್ಯಾಂಕಿಗೆ ಬರೆದುಕೊಡಬೇಕು. ಕೊಡದಿದ್ದರೆ ಖಾತೆಯಿಂದ ಹಣ ಮುರಿದುಕೊಳ್ಳುತ್ತಾರೆ. ಕೊನೆಯ ದಿನ ಜುಲೈ 31 ಆದರೆ ‘ಜುಲೈ 24ರೊಳಗೆ’ ಎಂದು ತಾರೀಖನ್ನೇ ಬರೆಯಿರಿ. ಜೊತೆಗೆ ಇದನ್ನೂ ಸೇರಿಸಿ: “ಹೊಲದಲ್ಲಿ ಇರುವ ಬೆಳೆಗೇ ವಿಮೆ ಆಗಿದೆಯೇ ನೋಡಿಕೊಳ್ಳಿ. ಬೆಳೆ ಸಮೀಕ್ಷೆಯಲ್ಲಿ ಒಂದು, ವಿಮೆಯಲ್ಲಿ ಇನ್ನೊಂದು ಇದ್ದರೆ ಅರ್ಜಿ ತಿರಸ್ಕಾರವಾಗಬಹುದು.” ರಾಗಿಗೆಂದು ಸಾಲ ತೆಗೆದು ಜೋಳ ಬಿತ್ತಿದವನಿಗೆ ಇದನ್ನು ಬಿತ್ತನೆಯ ಹೊತ್ತಿಗೇ ಹೇಳದೆ ತಿರಸ್ಕಾರದ ದಿನ ಹೇಳಿ ಏನು ಫಲ?

ಬರೆದದ್ದು ಸರಿಯಾಗಿದೆಯೇ ಎಂದು ಆಫೀಸಿನಲ್ಲಿ ಕೂತು ತಿಳಿಯಲಾಗದು. ಊರಿನ ಸ್ವಸಹಾಯ ಸಂಘದ ಒಬ್ಬ ಅಕ್ಕನ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿ. ಅವರು ತಡವರಿಸಿದ ಪದವನ್ನು ಹೊಡೆದುಹಾಕಿ. ಆಮೇಲೆ ಕಾಗದ ಮಡಚಿಟ್ಟು ಕೇಳಿ: “ಅಕ್ಕಾ, ಸೋಮವಾರ ಆಲಿಕಲ್ಲು ಬಿತ್ತು ಅಂತಿಟ್ಕೊಳ್ಳಿ, ಏನು ಮಾಡ್ತೀರಿ?” ‘ಫೋನ್ ಮಾಡ್ತೀನಿ, ಗುರುವಾರದೊಳಗೆ’ ಎಂದರೆ ಆ ಭಾಗ ಗೆದ್ದಿತು. ‘ಪಕ್ಕದ ಹೊಲದವರಿಗೆ ಚೆನ್ನಾಗಿ ಬಂದು ನಿಮಗೆ ಮಾತ್ರ ಬರದಿದ್ದರೆ?’ ಎಂದು ಕೇಳಿ. ‘ನಂಗೆ ದುಡ್ಡು ಬರುತ್ತಲ್ಲ’ ಎಂದರೆ ಇಳುವರಿಯ ಭಾಗವನ್ನು ಅಲ್ಲೇ ಅವರೆದುರೇ, ಅವರದೇ ಮಾತಲ್ಲಿ ತಿರುಗಿ ಬರೆಯಿರಿ. ಆಮೇಲೆ ಪಿಡಿಎಫ್ ಮಾಡದೆ ಅಕ್ಷರದಲ್ಲೇ ವಾಟ್ಸಾಪಿಗೆ ಹಾಕಿ, ಅದನ್ನೇ ಓದಿದ ಧ್ವನಿಯನ್ನೂ ಕಳಿಸಿ. ಬೋರ್ಡಿಗೆ ಅಂಟಿಸುವಾಗ ದಪ್ಪಕ್ಷರದಲ್ಲಿ 14447, ಅದರ ಕೆಳಗೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಈ ಕೆಲಸ ನೋಡುವವರ ಹೆಸರು ಮತ್ತು ಅವರು ಸಿಗುವ ಹೊತ್ತು ಇರಲಿ. ಮುಂದಿನ ಪ್ರಕಟಣೆ ಬರುವ ಮುಂಚೆಯೇ ಈ ನಮೂನೆಯನ್ನು ಸಿದ್ಧ ಮಾಡಿಟ್ಟುಕೊಳ್ಳಿ. ಬಂದ ದಿನ ತಾರೀಖು, ಮೊತ್ತ ತುಂಬಿ ಅವತ್ತೇ ಅಂಟಿಸಿ.