ಮಾತ್ರೆ ನುಂಗಿದರೂ ಏರದ ಹಿಮೋಗ್ಲೋಬಿನ್

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೂವತ್ತೈದರ ಹೆಂಗಸು, ಹಿಮೋಗ್ಲೋಬಿನ್ 8. ಮೂರು ತಿಂಗಳು ತಪ್ಪದೆ ಕಬ್ಬಿಣಾಂಶದ ಮಾತ್ರೆ ನುಂಗಿದ್ದಾರೆ, ಮುಟ್ಟಿನ ಸ್ರಾವವೂ ಹೆಚ್ಚಿಲ್ಲ. ಆದರೂ ರಕ್ತ ಏರಿಲ್ಲ. ಆಗಾಗ ಹೊಟ್ಟೆಯುಬ್ಬರ, ತಿಂಗಳುಗಳಿಂದ ಬಿಟ್ಟುಬಿಟ್ಟು ಭೇದಿ. ಇಲ್ಲಿ ಮಾತ್ರೆ ಬದಲಿಸುವ ಮೊದಲು ಕೇಳಬೇಕಾದದ್ದು, ನುಂಗಿದ್ದು ಮೈಗೆ ಸೇರುತ್ತಿದೆಯೇ ಎಂದು.

ಕಬ್ಬಿಣಾಂಶವನ್ನು ಹೀರುವುದು ಮುಖ್ಯವಾಗಿ ಸಣ್ಣ ಕರುಳಿನ ಮೊದಲ ಭಾಗ. ಸೀಲಿಯಾಕ್ ಕಾಯಿಲೆಯಲ್ಲಿ ಗೋಧಿ, ಬಾರ್ಲಿಗಳ ಗ್ಲುಟೆನ್ ಎಂಬ ಪ್ರೋಟೀನಿಗೆ ದೇಹದ ರಕ್ಷಣಾ ವ್ಯವಸ್ಥೆ ಕೆರಳಿ, ಕರುಳಿನ ಒಳಗೋಡೆಯನ್ನೇ ಹಾಳುಮಾಡುತ್ತದೆ. ಹೆಚ್ಚು ಪೆಟ್ಟು ಬೀಳುವುದು ಇದೇ ಮೊದಲ ಭಾಗಕ್ಕೆ. ಹಾಗಾಗಿ ಕಬ್ಬಿಣಾಂಶ ಮೊದಲು ಕುಸಿಯುತ್ತದೆ. ಫೋಲೇಟ್, ಕ್ಯಾಲ್ಸಿಯಂ, ವಿಟಮಿನ್ ಡಿ ಜೊತೆಗೂಡುತ್ತವೆ. ಬಿ12 ಹೀರಲ್ಪಡುವುದು ಸಣ್ಣ ಕರುಳಿನ ಕೊನೆಯಲ್ಲಿ. ಆ ಜಾಗಕ್ಕೆ ಕ್ಷಯವೋ ಕ್ರೋನ್ಸ್ ಕಾಯಿಲೆಯೋ ತಗುಲಿದರೆ ಅದರ ಕೊರತೆ ಎದ್ದು ಕಾಣುತ್ತದೆ. ಯಾವುದು ಕಡಿಮೆಯಾಗಿದೆ ಎಂಬುದು ಕರುಳಿನ ಯಾವ ಭಾಗ ಕೆಟ್ಟಿರಬಹುದು ಎಂಬುದರ ಸುಳಿವು. ಅದು ಸುಳಿವಷ್ಟೇ, ತೀರ್ಪಲ್ಲ.

ಊಹೆಯ ಔಷಧ ಈ ಸುಳಿವನ್ನೇ ಅಳಿಸಿಬಿಡಬಲ್ಲದು. ಬಿ12 ಕೊರತೆ ಇದ್ದವರಿಗೆ ಬರೀ ಫೋಲಿಕ್ ಆಸಿಡ್ ಕೊಟ್ಟರೆ ರಕ್ತಹೀನತೆ ಸುಧಾರಿಸಿದಂತೆ ಕಾಣುತ್ತದೆ, ನರಗಳ ಹಾನಿ ಮಾತ್ರ ಒಳಗೊಳಗೇ ಮುಂದುವರಿಯುತ್ತದೆ. ಕಾಲು ಜೋಮು ಹಿಡಿದಾಗಲೇ ಗೊತ್ತಾಗುವುದು.

ಇನ್ನೂ ದೊಡ್ಡ ಎಡವಟ್ಟು ಗೋಧಿಯದು. ಯಾರೋ ಹೇಳಿದರೆಂದು ನಮ್ಮ ಹೆಂಗಸು ಚಪಾತಿ, ಉಪ್ಪಿಟ್ಟು, ಶಾವಿಗೆ ಬಿಟ್ಟು ರಾಗಿ ಮುದ್ದೆ, ಅನ್ನಕ್ಕೆ ಬಂದರು ಎನ್ನಿ. ಹೊಟ್ಟೆ ಹಗುರಾಯಿತು. ಎರಡು ತಿಂಗಳ ಮೇಲೆ ಸೀಲಿಯಾಕ್ ಪತ್ತೆಯ ಟಿಟಿಜಿ ಪರೀಕ್ಷೆಗೆ ರಕ್ತ ಕೊಟ್ಟರೆ ವರದಿ ನೆಗೆಟಿವ್ ಬರಬಹುದು. ಏಕೆಂದರೆ ಈ ಪರೀಕ್ಷೆ ಹುಡುಕುವುದು ಗ್ಲುಟೆನ್‌ನಿಂದ ಕೆರಳಿ ಹುಟ್ಟಿದ ಪ್ರತಿಕಾಯಗಳನ್ನು. ಗ್ಲುಟೆನ್ ನಿಂತರೆ ಅವೂ ಇಳಿಯುತ್ತವೆ, ಕರುಳೂ ಮಾಯತೊಡಗುತ್ತದೆ. ಆಮೇಲೆ ಖಚಿತ ಮಾಡಿಕೊಳ್ಳಲು ವೈದ್ಯರ ಸಲಹೆಯಂತೆ ಕನಿಷ್ಠ ಆರು ವಾರ ದಿನಕ್ಕೆ ಎರಡು ಹೊತ್ತಾದರೂ ಗೋಧಿ ತಿಂದು, ನೋವುಂಡು ಮತ್ತೆ ರಕ್ತ ಕೊಡಬೇಕಾಗುತ್ತದೆ. ಟಿಟಿಜಿ ಜೊತೆಗೆ ಒಟ್ಟು ಐಜಿಎ ಪ್ರಮಾಣವನ್ನೂ ನೋಡಬೇಕು. ಅದು ಹುಟ್ಟಿನಿಂದಲೇ ಕಡಿಮೆ ಇರುವವರಲ್ಲಿ ಕಾಯಿಲೆ ಇದ್ದರೂ ಟಿಟಿಜಿ ಸುಮ್ಮನಿರುತ್ತದೆ. ದೊಡ್ಡವರಲ್ಲಿ ಸಾಮಾನ್ಯವಾಗಿ ಎಂಡೋಸ್ಕೋಪಿ ಮಾಡಿ, ಕರುಳಿನ ಚೂರು ತೆಗೆದು ನೋಡಿದ ಮೇಲೆಯೇ ಕೊನೆಯ ಮಾತು.

ಇಷ್ಟೆಲ್ಲ ಏಕೆಂದರೆ ಈ ಪಥ್ಯ ಜೀವನಪರ್ಯಂತದ್ದು. ಗೋಧಿಹಿಟ್ಟು ಬೆರೆಸಿದ ಅಂಗಡಿಯ ಇಂಗನ್ನು ಸಾರಿನ ಒಗ್ಗರಣೆಗೆ ಹಾಕುವಂತಿಲ್ಲ. ಅಂಥ ಕಟ್ಟುಪಾಡನ್ನು ಅನುಮಾನದ ಮೇಲೆ ಹೊರುವುದು ಬೇಡ, ಅಗತ್ಯವಿದ್ದವರು ಅರ್ಧಕ್ಕೆ ಬಿಡುವುದೂ ಬೇಡ. ಮೊದಲು ರಕ್ತ ಕೊಡಿ, ತಪಾಸಣೆ ಮುಗಿಯಲಿ. ಗೋಧಿ ಬಿಡುವ ಮಾತು ಆಮೇಲೆ.