ರೇಟು ಹದಿನಾರು, ಕೈಗೆ ಬಂದದ್ದು ಹತ್ತೂಮುಕ್ಕಾಲು!

ನಮ್ಮ ಬ್ರೂಕ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿ ಭಾನುವಾರ ಬೆಳಗ್ಗೆ ಎರಡು ಸದ್ದು ತಪ್ಪದೇ ಕೇಳುತ್ತವೆ. ಒಂದು ಕುಕ್ಕರಿನ ಸೀಟಿ, ಇನ್ನೊಂದು "ಹಳೇ ಪೇಪರ್... ಹಳೇ ಕಬ್ಣಾ... ಖಾಲಿ ಬಾಟ್ಲೀ..." ಅನ್ನುವ ತಳ್ಳುಗಾಡಿಯವನ ಕೂಗು. ಆ ಕೂಗು ಕೇಳಿದ ತಕ್ಷಣ ನಾವು, ಅಂದರೆ ಲಕ್ಷಗಟ್ಟಲೆ ಸಾಲ ಮಾಡಿ ಫ್ಲ್ಯಾಟ್ ಕೊಂಡ ಮಹಾ ಬುದ್ಧಿವಂತರು, ಬಾಲ್ಕನಿಗೆ ಬಂದು ಕೇಳುವ ಮೊದಲ ಪ್ರಶ್ನೆ ಒಂದೇ: "ಪೇಪರ್ ಕೆಜಿಗೆ ಎಷ್ಟಪ್ಪಾ?"

ಈ ಪ್ರಶ್ನೆಯೇ ತಪ್ಪು ಅನ್ನುವುದು ನನ್ನ ವಾದ. ಬರೀ ತಪ್ಪಲ್ಲ, ಊರಿನ ಗುಜರಿ ವ್ಯಾಪಾರದಲ್ಲಿ ಸುಳ್ಳು ತೂಕವನ್ನು ಸಾಕಿ ಸಲಹಿದ್ದೇ ಈ ಪ್ರಶ್ನೆ. ಸ್ವಲ್ಪ ಉದ್ದ ಆಗುತ್ತೆ, ಬೇಜಾರಿಲ್ಲದೆ ಓದಿ.

ಮೊದಲು ನನ್ನ ಪೆದ್ದುತನದ ಕಥೆ. ನಮ್ಮ ಮನೆಗೆ ಒಂದು ಕನ್ನಡ ಪೇಪರು, ಒಂದು ಇಂಗ್ಲಿಷ್ ಪೇಪರು ಬರುತ್ತೆ. ಐದು ತಿಂಗಳಿಗೊಮ್ಮೆ ಅಟ್ಟದಿಂದ ಇಳಿಸಿ ಮಾರುತ್ತೇವೆ. ಬಂದ ದುಡ್ಡು ಮನೆಕೆಲಸಕ್ಕೆ ಬರುವ ಅಕ್ಕನಿಗೆ. ಅವರ ಮಗಳ ನೋಟ್‌ಬುಕ್ಕಿಗೆ ಅಂತ ಯಾವತ್ತೋ ಆದ ಮಾತು, ಹಾಗೇ ನಡೆದುಕೊಂಡು ಬಂದಿದೆ. ಕಳೆದ ಸಲ ತಳ್ಳುಗಾಡಿಯವನೊಬ್ಬ ಕೆಜಿಗೆ 16 ರೂಪಾಯಿ ಅಂದ. ಬೇರೆಯವರೆಲ್ಲ 12 ಅನ್ನುತ್ತಿದ್ದರು. ನಾನು ಗೆದ್ದೆ ಅಂದುಕೊಂಡು ಎಲ್ಲಾ ಕಟ್ಟುಗಳನ್ನೂ ಕೆಳಗಿಳಿಸಿದೆ. ಕೊಕ್ಕೆ ತಕ್ಕಡಿಗೆ ಸಿಕ್ಕಿಸಿ, ಎತ್ತಿ, "ಐದೂವರೆ ಸಾರ್", "ಆರು ಸಾರ್", "ಐದೂವರೆ ಸಾರ್" ಅಂದ. ಒಟ್ಟು 17 ಕೆಜಿ, 272 ರೂಪಾಯಿ. ಅಕ್ಕನ ಕೈಗೆ ಕೊಟ್ಟು ಮೀಸೆ ತಿರುವಿದ್ದೂ ಆಯ್ತು.

ಈ ಸಲ ನಾನು ಊರಲ್ಲಿರಲಿಲ್ಲ. ಅಕ್ಕ ತಾವೇ ಆಟೋದವರೊಬ್ಬರ ಕೈಲಿ ಹಾಕಿಸಿಕೊಂಡು ಕುಂದಲಹಳ್ಳಿ ಗೇಟ್ ಕಡೆಯ ಗುಜರಿ ಅಂಗಡಿಗೆ ಕೊಟ್ಟು ಬಂದರು. ಅಲ್ಲಿ ರೇಟು 12. ಆದರೆ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿದ್ದು 25 ಕೆಜಿ 400 ಗ್ರಾಂ. ಬಂದದ್ದು 305 ರೂಪಾಯಿ. ಅದೇ ಎರಡು ಪೇಪರು, ಅದೇ ಐದು ತಿಂಗಳು! ನಾನು "ಹನ್ನೆರಡಕ್ಕೆ ಯಾಕೆ ಕೊಟ್ರಿ ಅಕ್ಕಾ?" ಅಂತ ಕೇಳಿದ್ದಕ್ಕೆ ರಾಯಚೂರು ಕಡೆಯ ಆ ಹೆಂಗಸು ನಕ್ಕು, "ಅಣ್ಣಾ, ರೇಟ್ ತಗೊಂಡು ಏನ್ ಮಾಡ್ತೀರಿ? ತೂಕ ನೋಡ್ರಿ" ಅಂದರು.

ಮುಖಕ್ಕೆ ಹೊಡೆದ ಹಾಗಾಯ್ತು. ಅನುಮಾನ ಬೇಡ ಅಂತ ಅಡುಗೆಮನೆಯ ಪುಟ್ಟ ತಕ್ಕಡಿಯಲ್ಲಿ ಒಂದು ವಾರದ ಪೇಪರನ್ನು ಎರಡು ಕಂತಿನಲ್ಲಿ ತೂಗಿದೆ. 1 ಕೆಜಿ 180 ಗ್ರಾಂ. ಅಂದರೆ ದಿನಕ್ಕೆ ಸುಮಾರು 170 ಗ್ರಾಂ, ತಿಂಗಳಿಗೆ 5 ಕೆಜಿ, ಐದು ತಿಂಗಳಿಗೆ 25. ಅಂಗಡಿಯವನ ಲೆಕ್ಕ ಕರೆಕ್ಟಾಗಿತ್ತು. ಹಾಗಾದರೆ ಕಳೆದ ಸಲ ನನ್ನ ಕಣ್ಣೆದುರಿಗೇ ಎಂಟು ಕೆಜಿಗೂ ಹೆಚ್ಚು ಪೇಪರು ಮಾಯವಾಗಿತ್ತು. ಮೂರರಲ್ಲಿ ಒಂದು ಪಾಲು! 272ನ್ನು 25.4ರಿಂದ ಭಾಗಿಸಿ ನೋಡಿ. ನನ್ನ ಹೆಮ್ಮೆಯ 16 ರೂಪಾಯಿ ರೇಟು ನಿಜಕ್ಕೂ 10 ರೂಪಾಯಿ 70 ಪೈಸೆ. ಹೋದದ್ದು ನನ್ನ ದುಡ್ಡಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ... ಹೋದದ್ದು ಆ ಹುಡುಗಿಯ ನೋಟ್‌ಬುಕ್ಕು.

ಕುತೂಹಲ ತಡೆಯದೆ ಆ ಅಂಗಡಿಗೇ ಹೋಗಿ ಮಾತಾಡಿಸಿದೆ. ಅವನು ಹೇಳಿದ್ದು ಇಷ್ಟು: "ಸಾರ್, ನಾನು 12ಕ್ಕೆ ತಗೊಂಡು ದೊಡ್ಡ ಗೋಡೌನಿಗೆ 14ಕ್ಕೆ ಹಾಕ್ತೀನಿ. ಅದರಲ್ಲಿ ಬಾಡಿಗೆ, ಹುಡುಗನ ಸಂಬಳ, ಟೆಂಪೋ. 14ಕ್ಕೆ ಹೋಗೋ ಮಾಲನ್ನ 16ಕ್ಕೆ ಯಾರಾದ್ರೂ ತಗೋತಾರೆ ಅಂದ್ರೆ ಅವರಿಗೆ ಲಾಭ ಎಲ್ಲಿಂದ ಬರ್ಬೇಕು, ನೀವೇ ಹೇಳಿ."

ಇದು ಒಂದನೇ ಕ್ಲಾಸಿನ ಲೆಕ್ಕ. ಮುಂದೆ ಮಾರುವ ಬೆಲೆಗಿಂತ ಹೆಚ್ಚು ಕೊಟ್ಟು ಕೊಳ್ಳುವವನು ಒಂದೋ ದಾನಶೂರ ಕರ್ಣ, ಇಲ್ಲ ಅವನ ತೂಕ ಸುಳ್ಳು. ಕರ್ಣ ತಳ್ಳುಗಾಡಿ ತಳ್ಳಿಕೊಂಡು ನಮ್ಮ ಗಲ್ಲಿಗೆ ಬರುವುದಿಲ್ಲ ಬಿಡಿ :) ಆದರೆ ಬಾಲ್ಕನಿಯಲ್ಲಿ ನಿಂತ ನಾವು ಹದಿನಾರು ಅಂದವನನ್ನು ಕರೆಯುತ್ತೇವೆ, ಹನ್ನೆರಡು ಅಂದವನನ್ನು "ಕಳ್ಳ" ಅಂತ ಬೈದು ಕಳಿಸುತ್ತೇವೆ. ನೆಟ್ಟಗೆ ತೂಗುವವನಿಗೆ ಗಿರಾಕಿ ಇಲ್ಲ. ನಾಲ್ಕು ವಾರ ಖಾಲಿ ಗಾಡಿ ತಳ್ಳಿದ ಮೇಲೆ ಅವನೂ ರೇಟು ಏರಿಸುತ್ತಾನೆ, ತಕ್ಕಡಿ ಇಳಿಸುತ್ತಾನೆ. ಈ ಪಾಠ ಹೇಳಿಕೊಟ್ಟವರು ಯಾರು? ನಾವೇ.

ತಕ್ಕಡಿ ಹೇಗೆ ಇಳಿಯುತ್ತೆ ಅಂತ ಕೇಳಿದರೆ, ಅದರಲ್ಲಿ ಮಾಯಮಂತ್ರ ಏನಿಲ್ಲ. ಕೊಕ್ಕೆ ತಕ್ಕಡಿಯಲ್ಲಿರುವುದು ಒಂದು ಸ್ಪ್ರಿಂಗು. ಖಾಲಿ ಇದ್ದಾಗಲೇ ಮುಳ್ಳು ಸೊನ್ನೆಗಿಂತ ಹಿಂದೆ ನಿಂತಿದ್ದರೆ ಅಷ್ಟು ತೂಕ ಪ್ರತಿ ಕಂತಿಗೂ ಹೋಯ್ತು. ಅದಕ್ಕೇ ಅವರು ಒಂದೇ ಸಲ ತೂಗದೆ ನಾಲ್ಕೈದು ಕಂತು ಮಾಡುವುದು. ಒಂದು ಕಂತಿಗೆ ಒಂದೂವರೆ ಕೆಜಿ ಅಂದರೆ ಐದು ಕಂತಿಗೆ ಏಳೂವರೆ. ಅದರ ಮೇಲೆ ಪ್ರತಿ ಸಲ "ಐದೂ ಮುಕ್ಕಾಲು" ಇದ್ದದ್ದನ್ನು "ಐದೂವರೆ" ಅನ್ನುವುದು ಬೇರೆ. ಮೂಟೆಯ ಕೆಳಗೆ ಮೊಣಕಾಲು ತಾಗಿಸುವುದು, ಮುಳ್ಳು ನಿಲ್ಲುವ ಮೊದಲೇ ಇಳಿಸಿಬಿಡುವುದು ಹಳೇ ಕೈಚಳಕ. ಎಲೆಕ್ಟ್ರಾನಿಕ್ ಆದರೆ ಮೋಸ ಇಲ್ಲ ಅಂತಲ್ಲ. ಮೊದಲೇ ಏನೋ ಭಾರ ಇಟ್ಟು, ಬಟನ್ ಒತ್ತಿ ಸೊನ್ನೆ ಮಾಡಿ, ಆ ಭಾರ ತೆಗೆದರೆ ಮೈನಸ್ ಅಂಕಿ ತೋರಿಸುತ್ತೆ. ಅದರ ಮೇಲೆ ನಿಮ್ಮ ಮೂಟೆ ಇಟ್ಟರೆ ಅಷ್ಟು ಕಡಿಮೆ. ಹಾಗಾಗಿ ಇಡುವ ಮೊದಲೂ ಸೊನ್ನೆ, ತೆಗೆದ ಮೇಲೂ ಸೊನ್ನೆ ಇದೆಯಾ ಅಂತ ನೋಡಿ.

ಆದರೆ ಸ್ಪ್ರಿಂಗನ್ನೇ ಬದಲಿಸಿದ್ದರೆ ಅಥವಾ ಒಳಗಿನ ಸೆಟ್ಟಿಂಗನ್ನೇ ತಿರುಚಿದ್ದರೆ ಸೊನ್ನೆ ಸರಿಯಾಗಿಯೇ ಇರುತ್ತೆ. ಅದಕ್ಕೆ ಮದ್ದು ನೀರು. ಎರಡು ಲೀಟರಿನ ಎರಡು ಬಾಟಲಿ ನೀರು ತುಂಬಿಸಿ ಒಂದು ಚೀಲದಲ್ಲಿ ಹಾಕಿ. ಲೀಟರ್ ನೀರು ಅಂದರೆ ಒಂದು ಕೆಜಿ. ನಾಲ್ಕು ಕೆಜಿಗಿಂತ ತುಸು ಹೆಚ್ಚು ತೋರಿಸಬೇಕು. ಎರಡೂ ಮುಕ್ಕಾಲು ತೋರಿಸಿದರೆ ರೇಟಿನ ಚೌಕಾಸಿ ಬಿಟ್ಟು ಬಾಗಿಲು ಹಾಕಿಕೊಳ್ಳಿ.

ಇನ್ನು ಕಬ್ಬಿಣ. ಇಲ್ಲಿ ಮೋಸ ತೂಕದಲ್ಲಿ ಮಾತ್ರ ಅಲ್ಲ, "ಎಲ್ಲಾ ಸೇರಿ ಒಂದೇ ರೇಟು ಹಾಕ್ಕೊಳ್ಳಿ ಸಾರ್" ಅನ್ನುವ ಮಾತಿನಲ್ಲಿದೆ. ಬಾತ್‌ರೂಮ್ ರಿಪೇರಿ ಮಾಡಿಸಿದಾಗ ತೆಗೆದ ಹಳೇ ನಲ್ಲಿಗಳನ್ನು ನಾನು ಕಬ್ಬಿಣದ ಜೊತೆ ಹಾಕಿದ್ದವನೇ. ಬೆಳ್ಳಗೆ ಹೊಳೆಯುವ ನಲ್ಲಿ ಬಹಳ ಸಲ ಒಳಗೆ ಹಿತ್ತಾಳೆ, ಮೇಲೆ ಕ್ರೋಮ್ ಲೇಪ. ಹಿತ್ತಾಳೆಗೆ ಕಬ್ಬಿಣದ ಹತ್ತು ಪಟ್ಟಿಗೂ ಮೀರಿದ ಬೆಲೆ ಇದೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಮ್ಯಾಗ್ನೆಟ್ ತಗೊಳ್ಳಿ. ಅಂಟಿದರೆ ಕಬ್ಬಿಣದ ರಾಶಿಗೆ. ಅಂಟದಿದ್ದರೆ ಮೂಲೆಯಲ್ಲಿ ಸ್ವಲ್ಪ ಗೀರಿ ನೋಡಿ. ಹಳದಿ ಕಂಡರೆ ಬೇರೆ ಇಡಿ, ಬೇರೆಯಾಗಿ ತೂಗಿಸಿ. ಎರಡು ನಿಮಿಷದ ಕೆಲಸ.

ಪ್ಲಾಸ್ಟಿಕ್ಕಿನ ವಿಷಯದಲ್ಲಿ ಮಾತ್ರ ನಾನು ಗುಜರಿಯವನ ಪಕ್ಷ. "ಪ್ಲಾಸ್ಟಿಕ್ಕಿಗೆ ಎಂಟೇ ರೂಪಾಯಿನಾ?" ಅಂತ ಹೌಹಾರಬೇಡಿ. ನಾವು ಕೊಡುವುದು ಪ್ಲಾಸ್ಟಿಕ್ ಅಲ್ಲ, ಕಲಬೆರಕೆ. ನೀರಿನ ಬಾಟಲಿ ಒಂದು ಜಾತಿ, ಅದರ ಮುಚ್ಚಳ ಇನ್ನೊಂದು, ಶಾಂಪೂ ಡಬ್ಬ ಮತ್ತೊಂದು, ಪೈಪಿನ ತುಂಡು ಮಗದೊಂದು. ಇವನ್ನು ಒಟ್ಟಿಗೆ ಕರಗಿಸಿದರೆ ಯಾವುದಕ್ಕೂ ಬಾರದು. ಪೈಪಿನ ಪಿವಿಸಿ ಚೂರು ಸ್ವಲ್ಪ ಸೇರಿದರೂ ನೀರಿನ ಬಾಟಲಿಯ ಮಾಲು ಕೆಟ್ಟು ಹೋಗುತ್ತೆ. ಆದ್ದರಿಂದ ನಾಯಂಡಹಳ್ಳಿಯಂಥ ಕಡೆ ಜನ ಕೂತು ಒಂದೊಂದೇ ಆರಿಸಬೇಕು, ಬಣ್ಣ ಬೇರೆ ಮಾಡಬೇಕು, ತೊಳೆಯಬೇಕು. ಟೆಂಪೋ ತುಂಬಾ ಬಾಟಲಿ ತುಂಬಿದರೂ ತೂಕ ಬರುವುದಿಲ್ಲ, ಬಾಡಿಗೆ ಮಾತ್ರ ಪೂರ್ತಿ. ಆ ಕೂಲಿಯೆಲ್ಲ ಕಳೆದು ಉಳಿದದ್ದೇ ನಮ್ಮ ಎಂಟು ರೂಪಾಯಿ. ಚಿಪ್ಸ್ ಪ್ಯಾಕೆಟ್ಟನ್ನು ಅವನು ವಾಪಸ್ ಕೊಟ್ಟರೆ ಅದು ದುರಹಂಕಾರವಲ್ಲ, ಪದರ ಪದರವಾಗಿ ಅಂಟಿಸಿದ ಅದನ್ನು ಕೊಳ್ಳುವವರೇ ಅವನಿಗಿಲ್ಲ.

ಹಾಂ, ನಾವೇನು ಸತ್ಯ ಹರಿಶ್ಚಂದ್ರನ ತುಂಡುಗಳಾ? ಮಳೆಗೆ ನೆನೆದ ಪೇಪರನ್ನು ಕಟ್ಟಿನ ಮಧ್ಯೆ ಇಟ್ಟು ಮಾರುವವರು ನಮ್ಮ ಬಿಲ್ಡಿಂಗಿನಲ್ಲೇ ಇದ್ದಾರೆ. ಎಣ್ಣೆ ಕ್ಯಾನಿನಲ್ಲಿ ಕಾಲು ಲೀಟರ್ ಎಣ್ಣೆ ಹಾಗೇ ಬಿಡುವವರಿದ್ದಾರೆ. ನೀರಿಗೂ ಎಣ್ಣೆಗೂ ಅವನು ದುಡ್ಡು ಕೊಡಬೇಕು. ಅದು ಗೊತ್ತಿದ್ದೇ ಅವನು ಮುಳ್ಳು ಹಿಂದಕ್ಕೆ ತಳ್ಳುತ್ತಾನೆ. ಕಳ್ಳನಿಗೊಬ್ಬ ಕಳ್ಳ. ಮಧ್ಯದಲ್ಲಿ ಸಾಯುವವನು ನೆಟ್ಟಗೆ ತೂಗುವ ಅಂಗಡಿಯವನು.

"ಬರೀ ಮೂವತ್ತು ರೂಪಾಯಿಗೆ ಇಷ್ಟು ರಾದ್ಧಾಂತವಾ ಮಾರಾಯಾ?" ಅನ್ನುತ್ತೀರಿ, ಗೊತ್ತು. ಮೂವತ್ತು ರೂಪಾಯಿ ನಿಮಗೆ ಲೆಕ್ಕವೇ ಇಲ್ಲದಿದ್ದರೆ 12ಕ್ಕೂ 16ಕ್ಕೂ ಯಾಕೆ ಬಾಲ್ಕನಿಯಿಂದ ಕಿರುಚುತ್ತೀರಿ? ಚೌಕಾಸಿ ಮಾಡುವಾಗ ದುಡ್ಡು ದೊಡ್ಡದು, ತಕ್ಕಡಿ ನೋಡುವಾಗ ದುಡ್ಡು ಚಿಕ್ಕದು... ಇದ್ಯಾವ ನ್ಯಾಯ?

ಇನ್ನು ಕೆಲವರದ್ದು "ಇವರೆಲ್ಲಾ ಕಳ್ಳರು, ಗೇಟಿನೊಳಗೇ ಬಿಡಬೇಡಿ" ಅನ್ನುವ ಪರಿಹಾರ. ಇದೂ ಸೋಮಾರಿತನವೇ. ಒಳ್ಳೆಯವನನ್ನೂ ಕೆಟ್ಟವನನ್ನೂ ಒಟ್ಟಿಗೆ ಹೊರಗಿಟ್ಟರೆ ಒಳ್ಳೆಯವನಾಗಿರಲು ಯಾರಿಗೂ ಕಾರಣ ಉಳಿಯಲ್ಲ. ಕಾನೂನೂ ಇದೆ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಬರೀ ಕಡಿಮೆ ತೂಗಿ ಮಾರುವ ಕಿರಾಣಿ ಅಂಗಡಿಯವನಿಗೆ ಮಾತ್ರ ಅಲ್ಲ. ಕೊಳ್ಳುವವನು ದುಡ್ಡು ಕೊಟ್ಟಿದ್ದಕ್ಕಿಂತ ಹೆಚ್ಚು ಮಾಲನ್ನು ಮೋಸದಿಂದ ತೂಗಿಕೊಂಡರೆ ಅದೂ ಅಪರಾಧ ಅಂತ ಅದರಲ್ಲೇ ಇದೆ. ವ್ಯಾಪಾರಕ್ಕೆ ಬಳಸುವ ತಕ್ಕಡಿಯನ್ನು ಇಲಾಖೆಯವರು ಪರೀಕ್ಷಿಸಿ ಮುದ್ರೆ ಹಾಕಿರಬೇಕು. ಮುದ್ರೆ ತೋರಿಸಪ್ಪಾ ಅಂತ ನಾವು ಒಂದು ದಿನವಾದರೂ ಕೇಳಿದ್ದೀವಾ?

ನಾನು ನಮ್ಮ ಅಸೋಸಿಯೇಷನ್ ಮೀಟಿಂಗಿನಲ್ಲಿ ಕೇಳಿದ್ದು ಒಂದೇ: ಮುದ್ರೆ ಇರುವ ಒಂದು ಎಲೆಕ್ಟ್ರಾನಿಕ್ ತಕ್ಕಡಿ ಕೊಂಡು ಸೆಕ್ಯೂರಿಟಿ ರೂಮಿನ ಪಕ್ಕ ಇಡೋಣ. ಯಾರು ಬೇಕಾದರೂ ಬಂದು ಕೊಳ್ಳಲಿ, ಎಷ್ಟು ಬೇಕಾದರೂ ರೇಟು ಹೇಳಲಿ, ತೂಕ ಮಾತ್ರ ಈ ತಕ್ಕಡಿಯಲ್ಲಿ. ಆಗ ಹದಿನಾರು ಅನ್ನುವವನು ಒಂದೋ ಹದಿನಾರು ಕೊಡುತ್ತಾನೆ, ಇಲ್ಲ ಬರುವುದನ್ನೇ ಬಿಡುತ್ತಾನೆ. ಹನ್ನೆರಡು ಅನ್ನುವವನಿಗೆ ಮರ್ಯಾದೆ ಸಿಗುತ್ತೆ. ಜಿಮ್ಮಿಗೆ ಮೂರನೇ ಟ್ರೆಡ್‌ಮಿಲ್ ಬೇಕು ಅಂದಾಗ ಕೈ ಎತ್ತಿದವರು ಇದಕ್ಕೆ "ನೋಡೋಣ" ಅಂದಿದ್ದಾರೆ.

ಅಲ್ಲಿಯವರೆಗೆ ನನ್ನ ಮನೆಯ ನಿಯಮ ಬದಲಾಗಿದೆ. ಪೇಪರು ಕುಂದಲಹಳ್ಳಿ ಗೇಟಿಗೆ ಹನ್ನೆರಡಕ್ಕೇ ಹೋಗುತ್ತೆ. ಮತ್ತೆ ಕಳೆದ ಸಲದ 33 ರೂಪಾಯಿ ವ್ಯತ್ಯಾಸವನ್ನು ಅಕ್ಕನಿಗೆ ಕೊಟ್ಟೆ. "ಇದೇನ್ರಿ ಅಣ್ಣಾ?" ಅಂದರು. "ನನ್ನ ಜಾಣತನದ ದಂಡ" ಅಂದೆ.

ನಿಮ್ಮ ಏರಿಯಾದಲ್ಲಿ ರೇಟೆಷ್ಟು ಅಂತ ಹೇಳಬೇಡಿ. ನೀರಿನ ಬಾಟಲಿ ಇಟ್ಟಾಗ ಮುಳ್ಳು ಎಲ್ಲಿ ನಿಂತಿತು ಅಂತ ಬರೆಯಿರಿ.